ಮೂವತ್ತಾಯ್ತು, ಹೋಲಿಕೆ ಸಾಕಾಯ್ತು

ಇವತ್ತಿಗೆ ನನಗೆ 30. ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದರು. ಹಾರೈಸಿದ್ದು ಒಂದು ಮಾತು, ಉಳಿದ ಹತ್ತು ನಿಮಿಷ ಅವರ ಅಳಿಯನ 30×40 ಸೈಟು, ಮನೆ, ಗೃಹಪ್ರವೇಶ.

ಹತ್ತನೇ ಕ್ಲಾಸಲ್ಲಿ ಪಕ್ಕದ ಮನೆ ಹುಡುಗನ ಮಾರ್ಕ್ಸು. ಪಿಯುಸಿಯಲ್ಲಿ ಸಿಇಟಿ ರ‍್ಯಾಂಕು. ಆಮೇಲೆ ಸಂಬಳ. ಈಗ ಮನೆ. ಈ ಲೆಕ್ಕ ಮುಗಿಯೋದು ಯಾವಾಗ?

ಅಂಥ ಗೃಹಪ್ರವೇಶದ ಫೋಟೋ ನೋಡಿ ನಾನೂ ಎಷ್ಟೋ ರಾತ್ರಿ ನಿದ್ದೆ ಕೆಟ್ಟಿದ್ದೇನೆ. ಅದರಲ್ಲಿ ಹಾಲು ಉಕ್ಕಿದ್ದು ಕಾಣುತ್ತದೆ. 20 ವರ್ಷದ ಸಾಲ ಕಾಣುತ್ತದಾ? ಮೊದಲ ಕೆಲವು ವರ್ಷ ಕಂತಿನಲ್ಲಿ ಬಡ್ಡಿಯೇ ಜಾಸ್ತಿ, ಅಸಲು ಕರಗೋದು ಚೂರೇ ಚೂರು ಅಂತ ಯಾರಾದರೂ ಬರೆಯುತ್ತಾರಾ? ನನ್ನ ಉಳಿತಾಯ ಅಪ್ಪನ ಆಪರೇಷನ್ನಿಗೆ ಹೋಯಿತು. ಅದನ್ನು ಯಾರ ಪಕ್ಕ ಇಟ್ಟು ಅಳೆಯಬೇಕು, ಹೇಳಿ?

ಸಾಕು. ಇನ್ನು ಈ ಲೆಕ್ಕದಲ್ಲಿ ನಾನಿಲ್ಲ.