ಒಂದು ಕಣ್ಣಿಗೆ ಬೆಣ್ಣೆ, ಮುಖಕ್ಕೆ ನಿಷ್ಪಕ್ಷಪಾತ

ಕನಿಷ್ಠ ಕೂಲಿ ಏರಿಸಿದರೆ ಇದ್ದ ಕೆಲಸವೂ ಹೋಗುತ್ತದೋ ಇಲ್ಲವೋ ಎಂಬ ಬಗ್ಗೆ ಮೊನ್ನೆ ಇನ್ನೊಂದು ಪ್ರಬಂಧ ಬಂತು. ಮೊದಲ ಸಾಲಿನಲ್ಲೇ ಲೇಖಕರು "ಎರಡೂ ಕಡೆಯ ವಾದಗಳನ್ನು ನಿಷ್ಪಕ್ಷಪಾತವಾಗಿ ಮುಂದಿಡುತ್ತೇನೆ" ಎಂದು ಪ್ರಮಾಣ ಮಾಡಿದ್ದಾರೆ. ಕೇಳದೆ ಪ್ರಮಾಣ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಭಯ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಥೆ ನಿಮಗೆ ಗೊತ್ತಿದ್ದದ್ದೇ. 1992ರ ಏಪ್ರಿಲ್‌ನಲ್ಲಿ ಅಲ್ಲಿ ಗಂಟೆಯ ಕನಿಷ್ಠ ಕೂಲಿ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಆರಿಸಿಕೊಂಡು, ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಫೋನ್ ಸಮೀಕ್ಷೆ ನಡೆಸಿ, ಕೆಲಸವೇನೂ ಕಡಿಮೆಯಾಗಿಲ್ಲ ಎಂದು 1994ರಲ್ಲಿ ಬರೆದರು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಸಂಬಳದ ದಾಖಲೆಗಳನ್ನೇ ತರಿಸಿ ನೋಡಿ, ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ಕೆಲಸ ಸುಮಾರು ಶೇ 4ರಷ್ಟು ಇಳಿದಿದೆ ಎಂದು 2000ದಲ್ಲಿ ಬರೆದರು.

ಈಗ ನಮ್ಮ ನಿಷ್ಪಕ್ಷಪಾತಿಗಳ ಕೈಚಳಕ ನೋಡಿ. ಒಂದು ಕಡೆಯವರು "ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ತೋರಿಸಿಕೊಟ್ಟಿರುವಂತೆ" ಎಂದು ಬರುತ್ತಾರೆ. ಇನ್ನೊಂದು ಕಡೆಯವರು "ನ್ಯೂಮಾರ್ಕ್ ಎಂಬುವರು ಬೇರೆ ರೀತಿ ಹೇಳಿಕೊಂಡಿದ್ದಾರೆ" ಎಂದು ಹಿತ್ತಲ ಬಾಗಿಲಿನಿಂದ ಬರುತ್ತಾರೆ. ಒಬ್ಬರು ತೋರಿಸಿಕೊಡುತ್ತಾರೆ, ಇನ್ನೊಬ್ಬರು ಹೇಳಿಕೊಳ್ಳುತ್ತಾರೆ! ಕಾರ್ಡ್ ಅವರಿಗೆ ನೊಬೆಲ್ ಬಂದದ್ದು 2021ರಲ್ಲಿ. ಈ ಬಗೆಯ ಅಧ್ಯಯನಗಳಿಗೇ ಬಂತು, ನಿಜ. ಆದರೂ 1992ರಲ್ಲಿ ಫೋನೆತ್ತಿಕೊಂಡ ಮ್ಯಾನೇಜರ್ ಅಂದಾಜಿನಲ್ಲಿ ಹೇಳಿದ ಲೆಕ್ಕ ಆ ಪದಕದಿಂದ ಹೆಚ್ಚು ನಿಖರವಾಗುವುದಿಲ್ಲವಲ್ಲ.

ನ್ಯೂಮಾರ್ಕ್ ಪಾಳೆಯಕ್ಕೆ ಸಿಕ್ಕ ಮೊದಲ ಕಂತಿನ ದಾಖಲೆಗಳು ಹೋಟೆಲ್ ಉದ್ಯಮದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಿಂದ ಬಂದವು ಎಂಬುದನ್ನು ನಮ್ಮ ಲೇಖಕರು ಮರೆಯದೆ ಬರೆದಿದ್ದಾರೆ. ಬರೆಯಲೇಬೇಕಾದ್ದು. ಆಮೇಲೆ ನ್ಯೂಮಾರ್ಕ್ ಕಡೆಯವರೇ ನೇರವಾಗಿ ಇನ್ನಷ್ಟು ದಾಖಲೆ ತರಿಸಿದರು ಎಂಬುದು ಮಾತ್ರ ಪಾಪ, ಜಾಗ ಸಾಲದೆ ಬಿಟ್ಟುಹೋಗಿದೆ. ಎದುರು ಪಂಥದ ಪ್ರಬಂಧಕಾರರೂ ಇದೇ ಶಾಲೆಯಲ್ಲಿ ಕಲಿತವರು. ಅವರಲ್ಲಿ ಫೋನ್ ಸಮೀಕ್ಷೆ "ಬಾಯಿಗೆ ಬಂದ ಉತ್ತರ"ವಾಗುತ್ತದೆ, ಸಂಬಳದ ದಾಖಲೆ "ಕಟು ಸತ್ಯ"ವಾಗುತ್ತದೆ, ಪ್ರಬಂಧ ಶೇ 4ಕ್ಕೆ ಮುಗಿದುಹೋಗುತ್ತದೆ. ನ್ಯೂಮಾರ್ಕ್ ಅಧ್ಯಯನ ಅಚ್ಚಾದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆಗಳನ್ನೇ ಹಿಡಿದು, ಹೇಳಿಕೊಳ್ಳುವಂಥ ಇಳಿಕೆ ಕಾಣುವುದಿಲ್ಲ ಎಂದು ಉತ್ತರ ಕೊಟ್ಟಿದ್ದರು. ಆ ಪುಟ ಬರುವ ಹೊತ್ತಿಗೆ ಇವರಿಗೆ ನಿದ್ದೆ.

ಇನ್ನು "ಆದರೆ". ಇದರ ಸಾಮರ್ಥ್ಯಕ್ಕೆ ಯಾರೂ ಸರಿಯಾದ ಗೌರವ ಕೊಟ್ಟಿಲ್ಲ. "ಅವರು ಹೀಗಂದರು, ಆದರೆ ಇವರು ಹಾಗಂದರು" ಎಂದರೆ ಸಾಕು, ಯಾರನ್ನೂ ಬೈಯದೆ ಮೊದಲಿನವರ ಕಥೆ ಮುಗಿಯಿತು. ಪರೀಕ್ಷೆ ಸುಲಭ: "ಆದರೆ"ಯ ಆಚೆ ಈಚೆ ಇರುವವರನ್ನು ಅದಲು ಬದಲು ಮಾಡಿ ಬರೆದವರಿಗೇ ಓದಿ ಹೇಳಿ. ಮುಖ ಹುಳ್ಳಗಾದರೆ ಅವರ ಪಕ್ಷ ಯಾವುದೆಂದು ಗೊತ್ತಾಯಿತು. ಒಬ್ಬ ಲೇಖಕರಿಗೆ ನಾನು ಹೀಗೇ ಓದಿ ಹೇಳಿದಾಗ "ಅರ್ಥವೇ ಬದಲಾಯಿತಲ್ರೀ" ಎಂದರು. ಹೌದು ಸ್ವಾಮಿ, ಸಾಕ್ಷ್ಯ ಒಂದು ಅಕ್ಷರವೂ ಬದಲಾಗದೆ ಅರ್ಥ ಬದಲಾಯಿತು.

ಮೊದಲ ಅಧ್ಯಯನದ ಸಂಖ್ಯೆಗಳನ್ನಾದರೂ ಕೊಡಬಹುದಿತ್ತು. ಪೂರ್ಣಾವಧಿಯ ಲೆಕ್ಕಕ್ಕೆ ಇಳಿಸಿದಾಗ ನ್ಯೂಜೆರ್ಸಿಯ ಅಂಗಡಿಗೆ ಸರಾಸರಿ 20.4 ಜನ ಇದ್ದದ್ದು 21.0 ಆಯಿತು. ಪೆನ್ಸಿಲ್ವೇನಿಯಾದಲ್ಲಿ 23.3 ಇದ್ದದ್ದು 21.2ಕ್ಕೆ ಇಳಿಯಿತು. ಅಂದರೆ ಕೂಲಿ ಏರಿದ ಕಡೆ ಹೆಚ್ಚೇನೂ ಅಲುಗಾಡಲಿಲ್ಲ, ಏರದ ಕಡೆ ಕುಸಿಯಿತು. ಹೋಲಿಕೆಯಲ್ಲಿ ಕಂಡ ಲಾಭದ ಬಹುಪಾಲು ಈ ಕುಸಿತದ್ದೇ. ಅದು ಆದದ್ದೇಕೆ, ಪೆನ್ಸಿಲ್ವೇನಿಯಾ ಹೋಲಿಕೆಗೆ ತಕ್ಕ ಜೋಡಿಯೇ ಎಂಬಲ್ಲಿ ಜಗಳ ಶುರುವಾಗಬೇಕು. ಮೇಲಾಗಿ ಕಾರ್ಡ್ ಗುಂಪು ಎಣಿಸಿದ್ದು ಜನರನ್ನು, ಅರೆಕಾಲಿಕರನ್ನು ಅರ್ಧವೆಂದು ಹಿಡಿದು. ನ್ಯೂಮಾರ್ಕ್ ಗುಂಪು ಎಣಿಸಿದ್ದು ದುಡಿದ ಗಂಟೆಗಳನ್ನು. ಮಾಲೀಕ ಯಾರನ್ನೂ ತೆಗೆಯದೆ ಅರೆಕಾಲಿಕ ಹುಡುಗರ ಪಾಳಿಯನ್ನಷ್ಟೇ ಮೊಟಕು ಮಾಡಿದ್ದರೆ ಮೊದಲ ಲೆಕ್ಕಕ್ಕೆ ಅದು ಕಾಣುವುದಿಲ್ಲ, ಎರಡನೆಯದಕ್ಕೆ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳದೆಯೇ ಬೇರೆ ಬೇರೆ ಉತ್ತರ ಬರಬಹುದು. ಇಷ್ಟನ್ನು ಬರೆಯಲು ನಾಲ್ಕು ಸಾಲು ಸಾಕಿತ್ತು.

ಒಂದು ಕಡೆ ನಿಲ್ಲಬೇಡಿ ಎಂದು ಯಾರು ಹೇಳಿದರು? ನಿಲ್ಲಿ. "ನನಗೆ ಈ ದಾಖಲೆಯ ಮೇಲೆ ಹೆಚ್ಚು ನಂಬಿಕೆ, ಕಾರಣ ಇಂಥದ್ದು" ಎಂದು ಹೆಸರು ಹಾಕಿ ಬರೆಯಿರಿ, ನಾವು ಒಪ್ಪುತ್ತೇವೆ ಅಥವಾ ಜಗಳಾಡುತ್ತೇವೆ. ಕ್ರಿಯಾಪದದಲ್ಲಿ ಒಂದು ಚಿಟಿಕೆ, ಬಿರುದಿನಲ್ಲಿ ಒಂದು ಚಿಟಿಕೆ ವಿಷ ಬೆರೆಸಿ, "ತೀರ್ಮಾನ ಓದುಗರಿಗೆ ಬಿಟ್ಟದ್ದು" ಎಂದು ಕೈಮುಗಿಯುವುದು ಯಾವ ಮರ್ಯಾದೆ? ಏನನ್ನು ಬಿಟ್ಟಿರಿ ನಮಗೆ? ತೂಗಲು ಬೇಕಾದದ್ದನ್ನೆಲ್ಲ ನೀವೇ ಇಟ್ಟುಕೊಂಡಿದ್ದೀರಿ.

ಹೋಗಲಿ, ಒಂದು ನ್ಯಾಯ ಒಪ್ಪಿಕೊಳ್ಳಬೇಕು. ಪ್ರಬಂಧದ ಜೊತೆ ಅಚ್ಚಾದ ಎರಡೂ ಕಡೆಯವರ ಫೋಟೊಗಳು ಒಂದೇ ಅಳತೆಯವು.