ತಲೆಬುಡ ಇರುವ ಕೇಬಲ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಚಳಿಗಾಲ ಪೂರ್ತಿ ಅಡಿಕೆಯದ್ದೇ ಕಾರುಬಾರು. ಸಿಪ್ಪೆಯ ಧೂಳು ಗೇಮ್ ಕನ್ಸೋಲಿನ ಫ್ಯಾನಿಗೆ ಹೋಗುತ್ತದೆ ಅಂತ ಅದನ್ನು ಒಳಕೋಣೆಗೆ ಸಾಗಿಸಿದೆವು. ಟಿವಿ ಮಾತ್ರ ಜಗಲಿಯಲ್ಲೇ ಉಳಿಯಿತು, ಅಜ್ಜಿ ಅಲ್ಲಿಂದ ಏಳುವವರಲ್ಲ. ನಡುವೆ ಹನ್ನೆರಡು ಮೀಟರ್.

ಮೊದಲು ಹದಿನೈದು ಮೀಟರಿನ ಮಾಮೂಲಿ ಎಚ್‌ಡಿಎಂಐ ಕೇಬಲ್ ಎಳೆದೆ. 1080ಪಿಯಲ್ಲಿ ಚೆನ್ನಾಗಿಯೇ ಬಂತು. 4ಕೆ, 120 ಹರ್ಟ್ಜ್ ಇಟ್ಟ ಕೂಡಲೇ ಪರದೆ ಕಪ್ಪು. ಅಷ್ಟು ವೇಗದ ಸಿಗ್ನಲ್ ತಾಮ್ರದಲ್ಲಿ ಮೂರ್ನಾಲ್ಕು ಮೀಟರ್ ದಾಟುವಷ್ಟರಲ್ಲಿ ಸೊರಗಿಬಿಡುತ್ತದೆ. ಸರಿ, ಆಪ್ಟಿಕಲ್ ಕೇಬಲ್ ತರಿಸಿದೆ. ಒಳಗೆ ಕೂದಲೆಳೆಯಂಥ ಗಾಜು, ಅದರಲ್ಲಿ ಓಡುವುದು ಬೆಳಕು.

ಏಣಿ ಹಾಕಿ, ತೊಲೆಯ ಉದ್ದಕ್ಕೂ ನಲವತ್ತು ಕ್ಲಿಪ್ ಹೊಡೆದೆ. ಅರ್ಧ ದಿನ ಹೋಯಿತು. ಆನ್ ಮಾಡಿದರೆ ನೋ ಸಿಗ್ನಲ್. ಟಿವಿಯ ಪೋರ್ಟ್ ಬದಲಿಸಿದೆ, ಕನ್ಸೋಲ್ ಆಫ್ ಮಾಡಿ ಆನ್ ಮಾಡಿದೆ, ಊದಿಯೂ ನೋಡಿದೆ.

ಅಕ್ಕನ ಮಗ ಟಿವಿಯ ಹಿಂದೆ ಟಾರ್ಚ್ ಬಿಟ್ಟ. "ಮಾಮ, ಇಲ್ಲಿ ಸೋರ್ಸ್ ಅಂತ ಬರೆದಿದೆ."

ಈ ಕೇಬಲಿಗೆ ತಲೆಬುಡ ಇದೆ ಮಾರಾಯ್ರೇ! ಸೋರ್ಸ್ ಅಂತ ಬರೆದ ತುದಿಯಲ್ಲಿ ಸಿಗ್ನಲನ್ನು ಬೆಳಕು ಮಾಡುವ ಪುಟ್ಟ ಲೇಸರ್ ಇರುತ್ತದೆ. ಡಿಸ್‌ಪ್ಲೇ ಅಂತ ಬರೆದ ತುದಿಯಲ್ಲಿ ಆ ಬೆಳಕನ್ನು ಹಿಡಿಯುವ ಚಿಪ್. ಉಲ್ಟಾ ಹಾಕಿದರೆ ಸುಟ್ಟುಹೋಗುವುದೇನೂ ಇಲ್ಲ, ಸುಮ್ನೆ ಚಿತ್ರ ಬರುವುದಿಲ್ಲ. ಮೊದಲೇ ನೆಲದ ಮೇಲೆ ಹಾಸಿ ನೋಡಿದ್ದರೆ ಎರಡು ನಿಮಿಷದ ಕೆಲಸ. ನಾನು ನಲವತ್ತು ಕ್ಲಿಪ್ ಕಿತ್ತೆ.

ತಿರುಗಿಸಿ ಹಾಕಿದ ಮೇಲೆ ಚಿತ್ರ ಬಂತು, ಜೊತೆಗೆ ಬಿಳಿ ಚುಕ್ಕಿಗಳೂ ಬಂದವು. ಅಜ್ಜಿ "ಹಿಮ ಬೀಳ್ತಾ ಇದೆಯಾ?" ಅಂದರು. ಆಟದಲ್ಲಿ ಮರಳುಗಾಡಿತ್ತು. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಅಂದವಾಗಿ ಕಾಣಲಿ ಅಂತ ಕೇಬಲನ್ನು ಚೂಪಾಗಿ ಮಡಚಿ ಕ್ಲಿಪ್ ಬಡಿದಿದ್ದೆ. ಅಷ್ಟು ಬಗ್ಗಿಸಿದರೆ ಗಾಜಿನ ಎಳೆಯಿಂದ ಬೆಳಕು ಸೋರುತ್ತದೆ. ಎಳೆ ಮುರಿಯದಿದ್ದದ್ದು ನನ್ನ ಪುಣ್ಯ. ಊಟದ ತಟ್ಟೆಯ ಅಂಚಿನಷ್ಟು ಅಗಲಕ್ಕೆ ಬಾಗಿಸಿದೆ, ಹಿಮ ನಿಂತಿತು. ಈಗ ಮೂಲೆಯಲ್ಲಿ ಕೇಬಲ್ ಹಲಸಿನ ಬಳ್ಳಿಯ ಹಾಗೆ ಜೋತಾಡುತ್ತದೆ. ಹಲಸಿಗೆ ಬಳ್ಳಿ ಇಲ್ಲ, ಗೊತ್ತು. ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಎಲ್ಲ ಸರಿಯಾಯಿತು ಅಂತ ಹುಡುಗ ಟಿವಿ ಮುಂದೆ ಕೂತು ಗುಂಡಿ ಒತ್ತಿದ. ಗಾಡಿ ತಿರುಗಲಿಲ್ಲ. ಅರ್ಧ ಸೆಕೆಂಡ್ ಬಿಟ್ಟು ತಿರುಗಿತು, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿತ್ತು. ಚಿತ್ರಕ್ಕೇನೋ ಗಾಜಿನ ದಾರಿ ಮಾಡಿಕೊಟ್ಟೆ. ಕೈಯಲ್ಲಿರುವ ಕಂಟ್ರೋಲರ್ ಬ್ಲೂಟೂತಿನಲ್ಲಿ ಕನ್ಸೋಲಿಗೇ ಮಾತಾಡಬೇಕಲ್ವಾ? ಹನ್ನೆರಡು ಮೀಟರ್, ನಡುವೆ ಮಣ್ಣಿನ ದಪ್ಪ ಗೋಡೆ.

ಹಾಗಾಗಿ ಅವನು ಈಗ ಕೋಣೆಯ ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ಆಡುತ್ತಾನೆ. ಟಿವಿ ಮುಂದಿನ ಒಳ್ಳೇ ಜಾಗದಲ್ಲಿ ಅಜ್ಜಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. "ಎಡಕ್ಕೆ ತಿರುಗ್ಸೋ, ಹಳ್ಳ ಬಂತು" ಅಂತ ಅಲ್ಲಿಂದಲೇ ಕೂಗುತ್ತಾರೆ.