ಅಣ್ಣನ ಕಂಪನಿ, ತಮ್ಮನ ಕಂಪನಿ, ನಡುವೆ ಒಂದೂವರೆ ಕೋಟಿ

"ಸರ್, ಎರಡೂ ನಮ್ಮದೇ ಕಂಪನಿ. ಈ ಜೇಬಿನಿಂದ ತೆಗೆದು ಆ ಜೇಬಿಗೆ ಹಾಕಿದ್ದೇವೆ. ಅದಕ್ಕೂ ಪರ್ಮಿಷನ್ ಬೇಕಾ?"

ಲೆಕ್ಕಪತ್ರದ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಕೇಳುವವರು ಕಳ್ಳರಲ್ಲ. ನಿಜವಾಗಿಯೂ ಹಾಗೇ ನಂಬಿರುತ್ತಾರೆ. ಕೆಲವು ವರ್ಷಗಳ ಹಿಂದೆ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಹೆಸರುಗಳು ಬೇಡ.

ಅಣ್ಣ ತಮ್ಮ ಇಬ್ಬರು. ಮೊದಲ ಕಂಪನಿ ಯಂತ್ರದ ಬಿಡಿಭಾಗ ಮಾಡುತ್ತದೆ, ಚೆನ್ನಾಗಿ ನಡೆಯುತ್ತಿದೆ. ಎರಡನೆಯದು ರಟ್ಟಿನ ಪೆಟ್ಟಿಗೆ ಮಾಡುವ ಹೊಸ ಕಂಪನಿ, ಕೈಯಲ್ಲಿ ಕಾಸಿಲ್ಲ. ಎರಡೂ ಪ್ರೈವೇಟ್ ಲಿಮಿಟೆಡ್. ಎರಡಕ್ಕೂ ಇವರಿಬ್ಬರೇ ಡೈರೆಕ್ಟರ್. ಮೊದಲ ಕಂಪನಿಯಿಂದ ಎರಡನೆಯದಕ್ಕೆ ಒಂದೂವರೆ ಕೋಟಿ ಹೋಯಿತು. ಬ್ಯಾಂಕಿನಲ್ಲಿ ಐದು ನಿಮಿಷದ ಕೆಲಸ. ಲೆಡ್ಜರಿನಲ್ಲಿ ಒಂದು ಸಾಲು.

ಒಂದು ವಿಷಯ ಮಾತ್ರ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಮೊದಲ ಕಂಪನಿಯಲ್ಲಿ ತೀರಿಹೋದ ಚಿಕ್ಕಪ್ಪನ ಪಾಲು ಇತ್ತು. ಅದು ಚಿಕ್ಕಮ್ಮನ ಹೆಸರಿಗೆ ಬಂದಿತ್ತು, ನೂರಕ್ಕೆ 28. ಎರಡನೆಯ ಕಂಪನಿಯಲ್ಲಿ ಅವರಿಗೆ ಒಂದು ಷೇರೂ ಇಲ್ಲ. ಅಂದರೆ ಹೋದ ಒಂದೂವರೆ ಕೋಟಿಯಲ್ಲಿ 42 ಲಕ್ಷದ ಭಾರ ಚಿಕ್ಕಮ್ಮನ ಮೇಲೆ. ಪೆಟ್ಟಿಗೆ ಕಂಪನಿ ಗೆದ್ದರೆ ಲಾಭ ಅಣ್ಣತಮ್ಮಂದಿರಿಗೆ. ಸೋತರೆ ನಷ್ಟದಲ್ಲಿ ಚಿಕ್ಕಮ್ಮನಿಗೂ ಪಾಲು. ಜೇಬು ಎರಡಿರಬಹುದು, ಆದರೆ ಅಂಗಿ ಒಬ್ಬರದಲ್ಲ.

ಈಗ ಕಾನೂನಿಗೆ ಬರೋಣ. ಅಣ್ಣ ಒಂದು ಕಾಗದ ತೋರಿಸಿದರು. "ರಿಲೇಟೆಡ್ ಪಾರ್ಟಿ ಅಂತ ಗೊತ್ತಿತ್ತು ಸರ್, ಸೆಕ್ಷನ್ 188ರಲ್ಲಿ ಸಾಧಾರಣ ನಿರ್ಣಯ ಮಾಡಿಟ್ಟಿದ್ದೇವೆ." ರಿಲೇಟೆಡ್ ಪಾರ್ಟಿ ಅಂದರೆ ಕಂಪನಿಯ ಜೊತೆ ಹತ್ತಿರದ ನಂಟಿರುವ ವ್ಯಕ್ತಿ ಅಥವಾ ಸಂಸ್ಥೆ. ಬಹಳ ಜನ ಎಡವುವುದು ಇಲ್ಲೇ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 188 ನೋಡಿ. ಸರಕು ಕೊಳ್ಳುವುದು, ಮಾರುವುದು, ಆಸ್ತಿ, ಬಾಡಿಗೆ, ಸೇವೆ, ನೆಂಟರಿಗೆ ಕಂಪನಿಯಲ್ಲಿ ಸಂಬಳದ ಹುದ್ದೆ, ಎಲ್ಲ ಆ ಪಟ್ಟಿಯಲ್ಲಿದೆ. ಸಾಲ ಇಲ್ಲ! ಸಾಲಕ್ಕೆ ಬೇರೆ ಎರಡು ಬಾಗಿಲು: 185 ಮತ್ತು 186. ಎರಡನ್ನೂ ದಾಟಬೇಕು.

186 ಕೇಳುವುದು ಎಷ್ಟು ಕೊಡಬಹುದು ಅಂತ. ಷೇರು ಬಂಡವಾಳ, ಲಾಭದಿಂದ ಕೂಡಿಟ್ಟ ಫ್ರೀ ರಿಸರ್ವ್, ಷೇರಿನ ಮುಖಬೆಲೆಗಿಂತ ಹೆಚ್ಚಿಗೆ ಪಡೆದ ಷೇರು ಪ್ರೀಮಿಯಂ ಮೂರೂ ಸೇರಿಸಿ ಅದರ ಶೇ. 60, ಅಥವಾ ಫ್ರೀ ರಿಸರ್ವ್ ಮತ್ತು ಪ್ರೀಮಿಯಂ ಪೂರ್ತಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದು ಮಿತಿ. ಇವರ ಬಂಡವಾಳ 2 ಕೋಟಿ, ರಿಸರ್ವ್ 6 ಕೋಟಿ, ಪ್ರೀಮಿಯಂ ಇಲ್ಲ. ಮೊದಲ ಲೆಕ್ಕಕ್ಕೆ 4.8 ಕೋಟಿ, ಎರಡನೆಯದಕ್ಕೆ 6 ಕೋಟಿ. ಆದ್ದರಿಂದ ಮಿತಿ 6 ಕೋಟಿ. ಹಿಂದೆ ಕೊಟ್ಟ ಸಾಲ, ಗ್ಯಾರಂಟಿ, ಹೂಡಿಕೆ ಎಲ್ಲ ಕೂಡಿಸಿ ಇದರೊಳಗಿದ್ದರೆ ಷೇರುದಾರರ ಹತ್ತಿರ ಹೋಗಬೇಕಿಲ್ಲ. ಬೋರ್ಡ್ ಸಭೆಯಲ್ಲಿ ಹಾಜರಿದ್ದ ಎಲ್ಲ ಡೈರೆಕ್ಟರುಗಳೂ ಒಪ್ಪಿದರೆ ಸಾಕು. ಒಬ್ಬರು ಬೇಡ ಅಂದರೂ ಆಗಲ್ಲ. ಬಡ್ಡಿಯಿಲ್ಲದೆ ಕೊಡುವಂತೆಯೂ ಇಲ್ಲ. ಮೂರು ವರ್ಷದ ಸಾಲವಾದರೆ ಮೂರು ವರ್ಷದ ಸರ್ಕಾರಿ ಬಾಂಡಿಗೆ ಆಗ ಸಿಗುವ ಆದಾಯಕ್ಕಿಂತ ಕಡಿಮೆ ಬಡ್ಡಿ ಹಾಕುವಂತಿಲ್ಲ.

185 ಕೇಳುವುದೇ ಬೇರೆ: ಯಾರಿಗೆ ಕೊಡುತ್ತೀರಿ? ಡೈರೆಕ್ಟರಿಗೆ, ಅವರ ನೆಂಟರಿಗೆ, ಅವರು ಪಾಲುದಾರರಾಗಿರುವ ಫರ್ಮಿಗೆ ಕೊಡುವಂತೆಯೇ ಇಲ್ಲ, ಸಣ್ಣಪುಟ್ಟ ವಿನಾಯಿತಿ ಬಿಟ್ಟರೆ. ಆದರೆ ಸಾಲ ಕೊಡುವ ಕಂಪನಿಯ ಡೈರೆಕ್ಟರೇ ಸಾಲ ಪಡೆಯುವ ಪ್ರೈವೇಟ್ ಕಂಪನಿಯಲ್ಲೂ ಡೈರೆಕ್ಟರೋ ಷೇರುದಾರರೋ ಆಗಿದ್ದರೆ ಎರಡು ಷರತ್ತಿನ ಮೇಲೆ ಕೊಡಬಹುದು. ಮೊದಲನೆಯದು, ಷೇರುದಾರರ ವಿಶೇಷ ನಿರ್ಣಯ. ಎರಡನೆಯದು, ಪಡೆದ ಕಂಪನಿ ಹಣವನ್ನು ತನ್ನ ಮುಖ್ಯ ವ್ಯವಹಾರಕ್ಕೇ ಬಳಸಬೇಕು. 2018ರ ಮೇ ತಿಂಗಳಿಂದ ಈ ದಾರಿ ಇದೆ. ಅದಕ್ಕೂ ಮುಂಚೆ ಇನ್ನೂ ಬಿಗಿ ಇತ್ತು.

ಸಾಧಾರಣ, ವಿಶೇಷ ಅನ್ನುವುದು ಬರೀ ಹೆಸರಿನ ವ್ಯತ್ಯಾಸ ಅಲ್ಲ. ಸಾಧಾರಣ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಸಾಕು. ಅಣ್ಣತಮ್ಮಂದಿರ ಹತ್ತಿರ 72 ಇತ್ತು, ಸಲೀಸಾಗಿ ಪಾಸಾಯಿತು. ವಿಶೇಷ ನಿರ್ಣಯಕ್ಕೆ ಪರವಾದ ಮತ ವಿರುದ್ಧದ ಮೂರು ಪಟ್ಟಾದರೂ ಇರಬೇಕು, ಅಂದರೆ ನೂರಕ್ಕೆ 75. ಚಿಕ್ಕಮ್ಮ ಬೇಡ ಅಂದರೆ ಮುಗಿಯಿತು. ಅವರ 28ಕ್ಕೆ ಬೆಲೆ ಬರುವುದು ಇಲ್ಲಿ. ಅದೂ ಸಭೆಯ ನೋಟಿಸಿನಲ್ಲಿ ಸಾಲದ ಪೂರ್ತಿ ವಿವರ, ಹಣ ಯಾವುದಕ್ಕೆ ಬೇಕು ಅನ್ನುವುದು ಬರೆದಿರಬೇಕು. ಆಮೇಲೆ 30 ದಿನದೊಳಗೆ ಆ ನಿರ್ಣಯವನ್ನು ಎಂಜಿಟಿ-14 ಫಾರ್ಮಿನಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು.

ಅಣ್ಣನಿಗೆ ಇನ್ನೊಬ್ಬರು ಯಾರೋ ಹೇಳಿದ್ದರು, "ಪ್ರೈವೇಟ್ ಕಂಪನಿಗೆ 185 ಅನ್ವಯ ಆಗಲ್ಲ." ಅರ್ಧ ಸತ್ಯ. 2015ರ ಜೂನ್ 5ರ ಅಧಿಸೂಚನೆಯಲ್ಲಿ ವಿನಾಯಿತಿ ಇದೆ, ಷರತ್ತಿನ ಮೇಲೆ. ಸಾಲ ಕೊಡುವ ಕಂಪನಿಯಲ್ಲಿ ಬೇರೆ ಯಾವ ಕಂಪನಿಯೂ ಷೇರು ಹಣ ಹಾಕಿರಬಾರದು. ಬ್ಯಾಂಕು ಮತ್ತು ಬೇರೆ ಕಂಪನಿಗಳಿಂದ ತಂದ ಸಾಲ ಷೇರು ಬಂಡವಾಳದ ಎರಡು ಪಟ್ಟು ಅಥವಾ 50 ಕೋಟಿ, ಯಾವುದು ಕಡಿಮೆಯೋ ಅದಕ್ಕಿಂತ ಒಳಗಿರಬೇಕು. ಆ ಸಾಲದ ಮರುಪಾವತಿಯಲ್ಲಿ ಬಾಕಿ ಇರಬಾರದು. ಇವರಿಗೆ ಎರಡು ಪಟ್ಟು ಅಂದರೆ 4 ಕೋಟಿ. ಬ್ಯಾಂಕ್ ಸಾಲ ನಾಲ್ಕೂವರೆ ಕೋಟಿ ಇತ್ತು. ವಿನಾಯಿತಿ ಹೋಯಿತು.

ಈ ವಿನಾಯಿತಿ ನನಗೆ ಒಗ್ಗುವುದಿಲ್ಲ ಅಂತ ಹೇಳಿಬಿಡುತ್ತೇನೆ. ಅದು ಬ್ಯಾಂಕಿನ ಹಣವನ್ನು ನೋಡುತ್ತದೆ, ಚಿಕ್ಕಮ್ಮನನ್ನು ನೋಡುವುದಿಲ್ಲ. ಇದೇ ಕಂಪನಿಯ ಬ್ಯಾಂಕ್ ಸಾಲ ಮೂರೂವರೆ ಕೋಟಿ ಇದ್ದಿದ್ದರೆ ಅವರನ್ನು ಯಾರೂ ಕೇಳಬೇಕಾಗಿರಲಿಲ್ಲ. ಸಣ್ಣ ಪಾಲುದಾರರಿಗೆ ಅಪಾಯ ಹೆಚ್ಚಿರುವುದು ಇಂಥ ಮನೆ ಕಂಪನಿಗಳಲ್ಲೇ ಅಲ್ವಾ? ಆ ಷೇರನ್ನು ಹೊರಗೆ ಮಾರಿ ಹೋಗೋಣ ಅಂದರೆ ಕೊಳ್ಳುವವರೂ ಸಿಗುವುದಿಲ್ಲ.

ಅಣ್ಣ ಕೇಳಿದರು, "ಈಗ ಹಿಂದಿನ ತಾರೀಖು ಹಾಕಿ ನಿರ್ಣಯ ಮಾಡೋಣ್ವಾ?" ಅದು ಮದುವೆ ಮುಗಿಸಿ ಜಾತಕ ಬರೆಸಿದ ಹಾಗೆ. ಸುಳ್ಳು ದಾಖಲೆ ಅನ್ನುವುದು ಇನ್ನೂ ದೊಡ್ಡ ತಪ್ಪು. 185 ಮುರಿದರೆ ಕಂಪನಿಗೆ 5 ಲಕ್ಷದಿಂದ 25 ಲಕ್ಷ ದಂಡ. ಹೊಣೆಗಾರ ಅಧಿಕಾರಿಗಳಿಗೆ ಅಷ್ಟೇ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸಾಲ ಪಡೆದವರೂ ತಪ್ಪಿಸಿಕೊಳ್ಳುವಂತಿಲ್ಲ.

185ರ ಎರಡನೆಯ ಷರತ್ತಿನ, ಅಂದರೆ ಹಣವನ್ನು ಮುಖ್ಯ ವ್ಯವಹಾರಕ್ಕೇ ಬಳಸಬೇಕು ಅನ್ನುವುದರ ಕಥೆ ಇನ್ನೂ ಸ್ವಾರಸ್ಯ. ಪೆಟ್ಟಿಗೆ ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದೆವು. ಒಂದೂವರೆ ಕೋಟಿ ಬಂದ ನಾಲ್ಕನೇ ದಿನ 60 ಲಕ್ಷ ಹೊರಗೆ ಹೋಗಿದೆ. ಕಾಗದದ ರೀಲಿಗಲ್ಲ, ಒಂದು ಸೈಟಿನ ಅಡ್ವಾನ್ಸಿಗೆ! ವಿಶೇಷ ನಿರ್ಣಯ ಮೊದಲೇ ಆಗಿದ್ದರೂ ಇದು ನಿಲ್ಲುತ್ತಿರಲಿಲ್ಲ. ಸಾಲ ಕೊಟ್ಟ ಕಂಪನಿಯ ಪುಸ್ತಕವನ್ನೇ ನೋಡುತ್ತಾ ಕೂತರೆ ಇದು ಯಾವತ್ತೂ ಕಾಣುವುದಿಲ್ಲ. ಪಡೆದವರ ಪುಸ್ತಕ ನೋಡಬೇಕು.

ಕಾಣದ ಸಾಲಗಳೂ ಇವೆ. ಪಕ್ಕದ ಕಂಪನಿಗೆ ಸರಕು ಮಾರಿದ ಬಿಲ್ ಎರಡು ವರ್ಷದಿಂದ ಬಾಕಿ, ಉಳಿದ ಗಿರಾಕಿಗಳೆಲ್ಲ 45 ದಿನಕ್ಕೆ ಕೊಡುತ್ತಾರೆ. ಅದು ಮಾರಾಟವಾ, ಸಾಲವಾ? ಕಾನೂನಿಗೂ ಈ ಅನುಮಾನ ಇದೆ. ಬಾಕಿ ಬಿಲ್ಲಿನ ವೇಷದಲ್ಲಿರುವ ಸಾಲವನ್ನೂ 185 ಸೇರಿಸಿಕೊಂಡಿದೆ. ಇನ್ನು ಕೆಲವರು ಮಾರ್ಚ್ 31ಕ್ಕೆ ಹಣ ವಾಪಸ್ ತಂದು ಬ್ಯಾಲೆನ್ಸ್ ಶೀಟನ್ನು ತೊಳೆದಿಡುತ್ತಾರೆ. ಏಪ್ರಿಲ್ ಮೊದಲ ವಾರದ ಸ್ಟೇಟ್‌ಮೆಂಟ್ ತೆರೆದರೆ ಅದೇ ಮೊತ್ತ ಮತ್ತೆ ಹೊರಟಿರುತ್ತದೆ.

ಕೊನೆಗೆ ಸೈಟಿನ ಅಡ್ವಾನ್ಸ್ ವಾಪಸ್ ಬಂತು, ಒಂದೂವರೆ ಕೋಟಿಯೂ ಬಡ್ಡಿ ಸಮೇತ ಮೊದಲ ಕಂಪನಿಗೆ ಮರಳಿತು. ಆಗಿಹೋದ ತಪ್ಪಿಗೆ ಕಾಂಪೌಂಡಿಂಗ್ ಅರ್ಜಿ, ಅಂದರೆ ಹಣ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವ ಅರ್ಜಿ ಹಾಕಿದರು. ಪೆಟ್ಟಿಗೆ ಕಂಪನಿಗೆ ಹಣ ನಿಜವಾಗಿಯೂ ಬೇಕಿತ್ತು, ಹಾಗಾಗಿ 90 ಲಕ್ಷಕ್ಕೆ ಹೊಸದಾಗಿ ನೋಟಿಸ್ ಕೊಟ್ಟು ಸಭೆ ಕರೆದರು. ಚಿಕ್ಕಮ್ಮ ನೋಟಿಸ್ ಪೂರ್ತಿ ಓದಿಕೊಂಡೇ ಬಂದಿದ್ದರು.

"ಹಣ ಕೊಡಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲಪ್ಪ," ಅಂದರು. "ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತೆ ಅಂತ ಇಲ್ಲಿ ಬರೆದಿಲ್ಲ. ಅದನ್ನು ಸೇರಿಸಿ, ಸಹಿ ಹಾಕುತ್ತೇನೆ."